ಒಂದಕ್ಷರವನ್ನೂ ಬಿಡದೆ

ಕಂಪನಿಯಲ್ಲಿ ಎಲ್ಲರೂ ಅವಳನ್ನು ಅಕ್ಷರಕ್ಕ ಎಂದೇ ಕರೆಯುತ್ತಿದ್ದರು. ಅನುವಾದಕ್ಕೆ ಕೊಟ್ಟ ಕಾಗದದಲ್ಲಿ ಒಂದಕ್ಷರವನ್ನೂ ಬಿಡುವವಳಲ್ಲ ಎಂದು ಬಂದ ಹೆಸರು ಅದು. ಪುಟದ ಅಡಿಯಲ್ಲಿ ಅಚ್ಚು ಹಾಕಿದವನ ವಿಳಾಸವಿದ್ದರೆ ಅದನ್ನೂ ಅನುವಾದಿಸಿಬಿಡುತ್ತಾಳೆ ಎಂದು ಬೆನ್ನ ಹಿಂದೆ ನಗುವವರಿದ್ದರು. ಆ ನಗು ಅವಳ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಕಂಪನಿಯದು ಕೋಲ್ಡ್ ಸ್ಟೋರೇಜ್ ವ್ಯವಹಾರ. ಕೆಳಗೆ ಮೀನು, ಹಣ್ಣು, ತರಕಾರಿ ತುಂಬುವ ದೊಡ್ಡ ದೊಡ್ಡ ತಣ್ಣನೆಯ ಕೋಣೆಗಳು. ಅವುಗಳ ನಡುವೆ ಉದ್ದಕ್ಕೆ ಹಾದುಹೋಗುವ ಕಾರಿಡಾರು. ಕಾರಿಡಾರಿನ ಮಾಡಿನ ಕೆಳಗೆ, ಕೋಣೆಗಳನ್ನು ತಂಪಾಗಿಡುವ ಅಮೋನಿಯಾ ಹರಿಯುವ ಪೈಪುಗಳು. ಅವುಗಳ ಆಚೆ ತುದಿಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಯಂತ್ರದ ಮನೆ. ಯಂತ್ರಗಳೆಲ್ಲ ಹೊರದೇಶದವು. ತಯಾರಿಸಿದವರು ತಮ್ಮ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಒಂದು ಸಾಲೂ ಬರೆಯುವವರಲ್ಲ. ಅದಕ್ಕೇ ಮೂರನೇ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಗೆ ತಾಗಿಕೊಂಡು, ಅನುವಾದ ವಿಭಾಗ ಎಂಬ ಇಕ್ಕಟ್ಟಾದ ಕೋಣೆ ಹುಟ್ಟಿಕೊಂಡಿತ್ತು. ಎರಡು ಮೇಜು, ಒಂದು ಕಿಟಕಿ, ಒಂದು ಕಾಲು ಕುಂಟಾದ ಬೀರು. ಕಿಟಕಿಯಿಂದ ಬಗ್ಗಿದರೆ ಅಂಗಳದಲ್ಲಿ ಲಾರಿಗಳ ಬೆನ್ನು ಕಾಣುತ್ತಿತ್ತು.

ಇನ್ನೊಂದು ಮೇಜು ಚುಟುಕಣ್ಣನದು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಹಡಗು, ಸುಂಕ, ಸಾಗಣೆಯ ಪತ್ರವ್ಯವಹಾರ ಅವರ ಪಾಲಿಗೆ. ನಾಲ್ಕು ಪುಟದ ಪತ್ರವನ್ನು ನಾಲ್ಕು ಸಾಲಿಗೆ ಇಳಿಸಿ ಮ್ಯಾನೇಜರ ಮೇಜಿನ ಮೇಲಿಟ್ಟು ಟೀ ಕುಡಿಯಲು ಹೋಗಿಬಿಡುವುದು ಅವರ ಪದ್ಧತಿ. ಅಕ್ಷರಕ್ಕನಿಗೆ ಅವರ ಮೇಲೆ ಅಕ್ಕರೆಯಿತ್ತು, ಅವರ ಕೆಲಸದ ಮೇಲೆ ಗೌರವವಿರಲಿಲ್ಲ. ಮೈಗಳ್ಳತನಕ್ಕೆ ಸಾರಾಂಶ ಎಂದು ಹೆಸರಿಟ್ಟುಕೊಂಡಿದ್ದಾರೆ ಎಂದು ಗಂಡನ ಹತ್ತಿರ ಹೇಳಿ ನಗುತ್ತಿದ್ದಳು.

ಅವಳು ಮೊದಲಿನಿಂದಲೂ ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಒಪ್ಪಂದದ ಸಾರಾಂಶ ಬರೆದುಕೊಟ್ಟಿದ್ದಳು. ತಡವಾದರೆ ದಂಡ ಎಂಬ ಷರತ್ತು ಎಲ್ಲ ಒಪ್ಪಂದಗಳಲ್ಲೂ ಇರುವ ಮಾಮೂಲಿ ಮಾತು ಎಂದುಕೊಂಡು ಬಿಟ್ಟಿದ್ದಳು. ಆಗಿನ ಮ್ಯಾನೇಜರು ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, "ಯಾವುದು ಮುಖ್ಯ, ಯಾವುದು ಅಲ್ಲ ಅಂತ ಆರಿಸೋಕೆ ನಿನಗೆ ಯಾರಮ್ಮ ಹೇಳಿದ್ದು?" ಎಂದು ಕೂಗಾಡಿದ್ದರು. ಅಂದಿನಿಂದ ಅವಳು ಆರಿಸುವುದನ್ನೇ ಬಿಟ್ಟಳು. ಬಂದದ್ದನ್ನೆಲ್ಲ ಪೂರ್ತಿ ಕೊಡುವುದು. ಬೇಕಾದ್ದು ಅವರು ಆರಿಸಿಕೊಳ್ಳಲಿ. ಆಮೇಲೆ ಯಾರೂ ಅವಳತ್ತ ಬೆರಳು ತೋರಿಸಿರಲಿಲ್ಲ.

ಆ ವರ್ಷ ಹಳೆಯ ಇಂಜಿನಿಯರು ಆರೋಗ್ಯ ಕೆಟ್ಟು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಎರಡು ನೊಗವೂ ಈಗಿನ ಮ್ಯಾನೇಜರ ಹೆಗಲಿಗೆ ಬಿದ್ದಿತ್ತು. ಕೆಟ್ಟ ಮನುಷ್ಯನಲ್ಲ. ಕೆಳಗಿನವರನ್ನು ಏಕವಚನದಲ್ಲಿ ಕರೆದವರಲ್ಲ. ಆದರೆ ಒಂದು ಫೋನು ಕಿವಿಯಲ್ಲಿ, ಇನ್ನೊಂದು ಕೈಯಲ್ಲಿ, ಅರ್ಧ ಉಂಡ ಡಬ್ಬಿ ಸಂಜೆಯವರೆಗೆ ಮೇಜಿನ ಮೇಲೆ. ಅವರನ್ನು ಕೂತಲ್ಲಿ ಕಂಡವರು ಕಡಿಮೆ.

ಯಂತ್ರದ ಕಂಪನಿಯಿಂದ ತಪಾಸಣೆಗೆ ಬಂದಿದ್ದ ವಿದೇಶಿ ತಜ್ಞ ಪೈಪುಗಳಿಗೆಲ್ಲ ಒಂದು ಪುಟ್ಟ ಉಪಕರಣ ತಾಗಿಸಿ ಅಳತೆ ತೆಗೆದುಕೊಂಡು, ಎಲ್ಲರ ಕೈ ಕುಲುಕಿ ಹೋಗಿದ್ದ. ಅಳತೆಗಳನ್ನು ತನ್ನ ಊರಿನಲ್ಲಿ ಕೂತು ಲೆಕ್ಕ ಹಾಕಿ ವರದಿ ಕಳಿಸಿದ. ನಲವತ್ತಾರು ಪುಟ.

ಮ್ಯಾನೇಜರು ಅದನ್ನು ಹಿಡಿದು ತಾವೇ ಮೂರನೇ ಮಹಡಿಗೆ ಹತ್ತಿ ಬಂದರು.

"ಮೇಡಂ, ಇದೊಂದು ನೋಡಿ. ಫೋನಿನ ಅನುವಾದಕ್ಕೆ ಫೋಟೋ ತೋರಿಸಿದೆ. 'ನಾಲ್ಕನೇ ಬಾಗಿಲು ನಾಚಿಕೊಳ್ಳುತ್ತಿದೆ' ಅಂತು. ಅದು ನಾಚಿಕೊಳ್ಳೋದು ಹಾಗಿರಲಿ, ನನಗೇ ನಾಚಿಕೆ ಆಯ್ತು."

ಚುಟುಕಣ್ಣ ನಕ್ಕರು. ಅಕ್ಷರಕ್ಕ ವರದಿಯನ್ನು ಕೈಗೆ ತೆಗೆದುಕೊಂಡು ಪುಟ ತಿರುವಿದಳು. ಕೋಷ್ಟಕಗಳು, ಬಾಣದ ಗುರುತುಗಳು, ಅಂಚಿನಲ್ಲಿ ಕೈಬರಹ.

"ಹೇಗೆ ಬೇಕು ಸಾರ್? ಪೂರ್ತಿನಾ, ಸಾರಾಂಶನಾ, ಇಲ್ಲ ಬರೀ ತಾತ್ಪರ್ಯ ಸಾಕಾ?"

"ಅದೆಲ್ಲ ನಿಮಗೆ ತಿಳಿದ ಹಾಗೆ ಮಾಡಿ. ಮುಂದಿನ ವಾರದಿಂದ ಸೀಜನ್ನಿನ ಲೋಡು ಶುರು. ಅಷ್ಟರೊಳಗೆ ನಾನೇನು ಮಾಡ್ಬೇಕು, ಏನು ಮಾಡ್ಬಾರದು ಅನ್ನೋದು ಗೊತ್ತಾದ್ರೆ ಸಾಕು." ಫೋನು ಬಡಿದುಕೊಂಡಿತು. ಮಾತಾಡುತ್ತಲೇ ಮೆಟ್ಟಿಲಿಳಿದರು.

ಹೆಜ್ಜೆಯ ಸದ್ದು ನಿಂತ ಮೇಲೆ ಚುಟುಕಣ್ಣ ಕುರ್ಚಿ ತಿರುಗಿಸಿದರು. "ಕೇಳಿಸ್ಕೊಂಡ್ಯಾ? ಅವರಿಗೆ ಬೇಕಾದ್ದು ಏನು ಅಂತ ಅವರೇ ಹೇಳಿ ಹೋದ್ರು."

"ನಿಮಗೆ ತಿಳಿದ ಹಾಗೆ ಮಾಡಿ ಅಂದ್ರು."

"ಅದಾದ ಮೇಲೆ ಏನಂದ್ರು? ಏನು ಮಾಡ್ಬೇಕು, ಏನು ಮಾಡ್ಬಾರದು ಅಂದ್ರು. ಇವತ್ತು ಸಂಜೆಯೊಳಗೆ ಒಂದ್ಸಲ ಪೂರ್ತಿ ಓದಿಬಿಡು. ಬರೀಬೇಡ, ಬರೀ ಓದು. ಬೆಂಕಿ ಹತ್ತಿರೋ ಜಾಗ ಎಲ್ಲಿದೆ ನೋಡು. ಕೆಳಗೆ ಹೋಗಿ ಬಾಯಲ್ಲೇ ಹೇಳು. ನಾಳೆ ಒಂದು ಪುಟದಲ್ಲಿ ಸಾರಾಂಶ. ಇದು ಪೂರ್ತಿ ಅಲ್ಲ, ಇಂತಿಂಥದ್ದು ಬಿಟ್ಟಿದ್ದೀನಿ ಅಂತ ಮೇಲೇ ಬರೆದುಬಿಡು. ಆಮೇಲೆ ರಿಪೇರಿ ಮಾಡೋನು ಯಾವ ಪುಟ ಇಟ್ಕೊಂಡು ಕೆಲಸ ಮಾಡ್ತಾನೋ ಆ ಪುಟಗಳನ್ನ ಮಾತ್ರ ಪದಕ್ಕೆ ಪದ, ಅಂಕಿಗೆ ಅಂಕಿ ಮಾಡು. ಅಲ್ಲಿ ಚುಟುಕು ನಡೆಯಲ್ಲ, ನಾನೂ ಒಪ್ತೀನಿ. ಮಿಕ್ಕಿದ್ದು ನಿಧಾನಕ್ಕೆ ಆಗಲಿ."

"ಬೆಂಕಿ ಎಲ್ಲಿದೆ ಅಂತ ಹೇಳೋಕೆ ನಾನೇನು ಇಂಜಿನಿಯರಾ ಅಣ್ಣ? ಯಾವುದೋ ಒಂದು ಅಂಕಿ ನನ್ನ ಕಣ್ಣಿಗೆ ಸಣ್ಣದಾಗಿ ಕಾಣುತ್ತೆ, ಅದೇ ದೊಡ್ಡದಾಗಿರುತ್ತೆ. ಬಿಟ್ಟೆ ಅಂತ ನಾಳೆ ಕೊರಳಿಗೆ ಬರುತ್ತೆ."

"'ತಕ್ಷಣ' ಅಂತ ಬರೆದಿದ್ರೆ ತಕ್ಷಣ ಅಂತ ಅರ್ಥ ಆಗೋಕೆ ಇಂಜಿನಿಯರ್ ಬೇಕಾ?"

ಅವಳು ಕಾಗದಗಳನ್ನು ತಟ್ಟಿ ಸರಿಮಾಡಿ, ಮೊದಲ ಪುಟ ಎದುರಿಗಿಟ್ಟುಕೊಂಡಳು. ಚುಟುಕಣ್ಣನ ಮಾತಿನಲ್ಲಿ ಹುರುಳಿಲ್ಲ ಎಂದು ಅವಳಿಗೆ ಅನ್ನಿಸಿರಲಿಲ್ಲ. ಆದರೆ ಹಳೆಯ ಮ್ಯಾನೇಜರ ಗಂಟಲು ಅವಳ ಕಿವಿಯೊಳಗೆ ಇನ್ನೂ ಮನೆ ಮಾಡಿಕೊಂಡಿತ್ತು.

ಮೊದಲ ಪುಟಗಳಲ್ಲಿ ಯಂತ್ರದ ವಂಶಾವಳಿ. ಮೂರನೇ ಪುಟದಲ್ಲಿ, "ಸ್ಥಾವರದ ಒಟ್ಟಾರೆ ಸ್ಥಿತಿ ತೃಪ್ತಿಕರವಾಗಿದೆ, ಆಯಾ ಭಾಗದ ಟಿಪ್ಪಣಿಗಳನ್ನು ಗಮನಿಸುವುದು" ಎಂಬ ವಾಕ್ಯ. ಅದರ ಮುಂದೆ ತಜ್ಞ ನಡೆದ ದಾರಿಯನ್ನೇ ಹಿಡಿದು ವರದಿ ಸಾಗುತ್ತಿತ್ತು: ಯಂತ್ರದ ಮನೆ, ನೀರಿನ ಗೋಪುರ, ಒಂದನೇ ಕೋಣೆ, ಎರಡನೇ ಕೋಣೆ. ಅವಳು ಆ ದಾರಿಯಲ್ಲೇ ನಡೆದಳು. ಬೆಳಿಗ್ಗೆ ಬಂದು ಕೂತರೆ ಊಟಕ್ಕೆ ಏಳುವುದೇ ಕಷ್ಟ. ಕೆಲಸ ಚೆನ್ನಾಗಿ ಸಾಗಿತ್ತು. ತೃಪ್ತಿ ಕೊಡುವ ಕೆಲಸ.

ಮೂವತ್ತೊಂದನೇ ಪುಟಕ್ಕೆ ಬಂದಾಗ ಒಂದು ಪದ ಅವಳನ್ನು ತಡೆಯಿತು. ಪೈಪಿನ ತಂಪು ಆರದಂತೆ ಸುತ್ತುವ ಕವಚಕ್ಕೆ ಆ ಭಾಷೆಯಲ್ಲಿ ಎರಡು ಪದಗಳಿದ್ದವು, ಒಳಗಿನ ದಪ್ಪ ಪದರಕ್ಕೆ ಒಂದು, ಹೊರಗಿನ ತಗಡಿಗೆ ಒಂದು. ಎರಡಕ್ಕೂ ನಿಘಂಟು 'ಹೊದಿಕೆ' ಎಂದೇ ಕೊಡುತ್ತಿತ್ತು. ಅವಳಿಗೆ ಸಮಾಧಾನವಾಗಲಿಲ್ಲ. ಕಾಗದ ಮಡಿಸಿ ಕೈಯಲ್ಲಿ ಹಿಡಿದು ಕೆಳಗಿಳಿದಳು.

ಕಾರಿಡಾರಿನಲ್ಲಿ ಲೋಡಿನವರ ಮೇಸ್ತ್ರಿ ಸಿಕ್ಕರು. ಅವರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ದಪ್ಪ ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡು, ಬಾಯಿಂದ ಹೊಗೆಯಂಥ ಉಸಿರು ಬಿಡುತ್ತ, ಪೆಟ್ಟಿಗೆ ಎಣಿಸುತ್ತಿದ್ದರು.

"ಏನವ್ವ ಅಕ್ಷರಕ್ಕ, ಮೋಡದಿಂದ ಕೆಳಗಿಳಿದೆ? ದಾರಿ ತಪ್ಪಿತಾ?"

"ಮಾಮ, ಆ ಪೈಪಿಗೆ ಸುತ್ತಿರೋದಕ್ಕೆ ನೀವು ಏನಂತೀರಿ?"

ಮಾಮ ತಲೆಯೆತ್ತಿ ನೋಡಿದರು. ಮಾಡಿನ ಕೆಳಗೆ ಬೆಳ್ಳಗೆ ಹಿಮಗಟ್ಟಿದ ಪೈಪು, ಅಲ್ಲಲ್ಲಿ ತಗಡು ಬಿರುಕು ಬಿಟ್ಟು ತೊಟ್ಟಿಕ್ಕುತ್ತಿತ್ತು.

"ಒಳಗಿನದಕ್ಕೆ ಕಂಬಳಿ ಅಂತೀವಿ. ಮೇಲಿನದು ತಗಡಿನ ಅಂಗಿ. ಕಂಬಳಿ ಒದ್ದೆ ಆಗ್ಬಿಟ್ಟಿದೆ ನೋಡು, ಎಷ್ಟು ದಿನದಿಂದ ಹನೀತಾ ಇದೆ. ನನ್ನ ನೆತ್ತಿಗೇ ಅಭಿಷೇಕ." ಅವರು ನಕ್ಕರು. "ಯಾಕವ್ವ, ಏನಾದ್ರೂ ಬರೆದಿದ್ದಾನಾ ಆ ಪುಣ್ಯಾತ್ಮ?"

"ಅನುವಾದಕ್ಕೆ ಬೇಕಿತ್ತು ಮಾಮ," ಎಂದಳು. ಪದ ಸಿಕ್ಕಿದ ಸಂತೋಷದಲ್ಲಿ ಎರಡೆರಡು ಮೆಟ್ಟಿಲು ದಾಟಿ ಮೇಲೆ ಹೋದಳು.

ಆ ಪುಟ ಹೇಳುತ್ತಿದ್ದುದು ಇದು: ಮೂರನೇ ಕೋಣೆಯ ಎದುರು, ಕಾರಿಡಾರಿನ ಮೇಲಿನ ಪೈಪಿನ ಒಳಹೊದಿಕೆ ನೀರು ಕುಡಿದಿದೆ, ಅದರಡಿ ಲೋಹ ತುಕ್ಕು ಹಿಡಿದು ಗೋಡೆಯ ದಪ್ಪ ಅರ್ಧಕ್ಕಿಂತ ಕಡಿಮೆಯಾಗಿದೆ, ಲೋಡಿಗೆ ಮೊದಲು ಆ ತುಂಡನ್ನು ಬದಲಿಸಬೇಕು, ಬದಲಿಸುವವರೆಗೆ ಹಿಮ ಕರಗಿಸಲು ಪೈಪಿನೊಳಗೆ ಬಿಸಿ ಅನಿಲ ಬಿಡಬಾರದು, ಆ ಜಾಗದ ಕೆಳಗೆ ಯಾರನ್ನೂ ನಿಲ್ಲಿಸಬಾರದು. ತಜ್ಞ ಅದನ್ನು ಉಳಿದ ಟಿಪ್ಪಣಿಗಳಷ್ಟೇ ತಣ್ಣಗೆ, ಅದೇ ಅಕ್ಷರದ ಗಾತ್ರದಲ್ಲಿ ಬರೆದಿದ್ದ. ಅದಕ್ಕೂ ಮೊದಲಿನ ಟಿಪ್ಪಣಿ ಎರಡನೇ ಕೋಣೆಯ ಬಲ್ಬಿನ ಬಗ್ಗೆ. ನಂತರದ್ದು ನಾಲ್ಕನೇ ಕೋಣೆಯ ಬಾಗಿಲು ಕುಗ್ಗಿ ಕೆಳಗಿಳಿದಿರುವುದರ ಬಗ್ಗೆ.

ಅವಳು ಅದನ್ನು ತಪ್ಪಿಲ್ಲದೆ ಅನುವಾದಿಸಿದಳು. ಮುಖಪುಟದ ಮೇಲೆ "ಪುಟ ಮೂವತ್ತೊಂದನ್ನು ಮೊದಲು ನೋಡಿ" ಎಂದು ಬರೆಯಲೇ ಎಂದು ಒಂದು ಗಳಿಗೆ ಪೆನ್ನು ಹಿಡಿದು ಕೂತಳು. ಒಂದನ್ನು ನೋಡಿ ಎಂದರೆ ಉಳಿದದ್ದನ್ನು ನೋಡಬೇಡಿ ಎಂದ ಹಾಗಾಗುತ್ತದೆ. ಅದು ಮತ್ತೆ ಆರಿಸಿದ ಹಾಗೆಯೇ. ಪೆನ್ನು ಮುಚ್ಚಿದಳು.

ಲೋಡು ಶುರುವಾದ ಮರುದಿನ ಅನುವಾದ ಮುಗಿಯಿತು. ಎರಡು ಸಲ ಮೂಲದ ಜೊತೆ ಹೋಲಿಸಿ, ಅಚ್ಚು ತೆಗೆದು, ಕ್ಲಿಪ್ಪು ಹಾಕಿ ಮ್ಯಾನೇಜರ ಕೋಣೆಗೆ ಒಯ್ದಳು. ಅವರು ಯಾರದೋ ಲಾರಿ ಕೆಟ್ಟು ನಿಂತದ್ದರ ಬಗ್ಗೆ ಫೋನಿನಲ್ಲಿ ಅಂಗಲಾಚುತ್ತಿದ್ದರು. ಕಣ್ಣಲ್ಲೇ 'ಅಲ್ಲಿಡಿ' ಎಂದರು. ನಂತರ ಫೋನಿಗೆ ಕೈ ಅಡ್ಡ ಇಟ್ಟು, "ಏನಾದ್ರೂ ತಲೆ ಹೋಗೋ ವಿಷಯ ಇದೆಯಾ ಮೇಡಂ?" ಎಂದರು.

ಅದು ಬಾಯಿಬಿಟ್ಟು ಹೇಳಬಹುದಾಗಿದ್ದ ಗಳಿಗೆ. ಅವಳು ಹೇಳಿದ್ದು ಬೇರೆ.

"ಎಲ್ಲಾ ಇದೆ ಸಾರ್. ಪೂರ್ತಿ ಮಾಡಿದ್ದೀನಿ. ನೀವೇ ಒಂದ್ಸಲ ಓದಿಬಿಟ್ರೆ ಒಳ್ಳೇದು."

"ಓದ್ತೀನಿ, ಓದ್ತೀನಿ," ಎಂದು ಅವರು ಮತ್ತೆ ಲಾರಿಯವನ ಕಡೆ ತಿರುಗಿದರು.

ಮೇಲೆ ಬಂದಾಗ ಚುಟುಕಣ್ಣ ಕೇಳಿದರು. "ಹೇಳಿದ್ಯಾ?"

"ಕೊಟ್ಟೆ."

"ಹೇಳಿದ್ಯಾ ಅಂತ ಕೇಳಿದ್ದು."

"ಕೊಟ್ಟ ಮೇಲೆ ಹೇಳೋದೇನಿದೆ ಅಣ್ಣ?" ಎಂದು ರೇಗಿದಳು. ಚುಟುಕಣ್ಣ ಕೆದಕಲು ಹೋಗಲಿಲ್ಲ. ಆ ವಾರ ಅವರು ಮಗಳ ಹೆರಿಗೆಗೆಂದು ರಜೆ ಹಾಕಿ ಊರಿಗೆ ಹೋದರು.

ಲೋಡಿನ ದಿನಗಳು ಒಂದರ ಹಿಂದೊಂದು ಉರುಳಿದವು. ಕೋಣೆಯ ಬಾಗಿಲು ತೆರೆದೂ ಮುಚ್ಚಿಯೂ ಒಳಗೆ ತೇವ ಸೇರಿ, ಪೈಪಿನ ಮೇಲೆ ಹಿಮ ದಪ್ಪಗಟ್ಟಿತು. ಮಾಮೂಲಿನಂತೆ ಅದನ್ನು ಕರಗಿಸಲು ಯಂತ್ರದ ಮನೆಯವರು ಬಿಸಿ ಅನಿಲ ಬಿಟ್ಟರು. ಒಂದು ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಕೆಲಸಕ್ಕೆ ಕೈ ಹಾಕುತ್ತಿದ್ದ ಹೊತ್ತಿಗೆ, ಕೆಳಗೆ ಏನೋ ಟಪ್ಪೆಂದು ಸಿಡಿದ ಸದ್ದಾಯಿತು. ಅಕ್ಷರಕ್ಕ ಕಿಟಕಿಗೆ ಬಂದಳು. ಕಾರಿಡಾರಿನ ಬಾಗಿಲಿನಿಂದ ಹತ್ತಿಯಂಥ ಬಿಳಿ ಮೋಡ ನೆಲಕ್ಕೆ ಅಂಟಿಕೊಂಡೇ ಹೊರಗೆ ಉರುಳಿ ಬರುತ್ತಿತ್ತು. ಜನ ಮುಖಕ್ಕೆ ಬಟ್ಟೆ ಒತ್ತಿಕೊಂಡು ಓಡುತ್ತಿದ್ದರು. ಮೂರನೇ ಮಹಡಿಯವರೆಗೂ ಆ ವಾಸನೆ ಬಂದು ಕಣ್ಣು, ಗಂಟಲು ಉರಿಯತೊಡಗಿತು.

ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಎಲ್ಲಿ ಒಡೆದಿದೆ, ಏಕೆ ಒಡೆದಿದೆ, ಅದರ ಗೋಡೆಯ ದಪ್ಪ ಎಷ್ಟಿತ್ತು, ಎಲ್ಲವೂ ಗೊತ್ತಾಯಿತು. ಕಂಪನಿಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ.

ಪ್ಯಾಕಿಂಗಿನ ಒಬ್ಬ ಹೆಂಗಸಿನ ಒಂದು ಕಣ್ಣು ಹೋಯಿತು. ಮಾಮ ಹೊರಗೆ ಬರಲೇ ಇಲ್ಲ. ಮುಖವಾಡ ಹಾಕಿಕೊಂಡು ಒಳಗೆ ಹೋದ ಅಗ್ನಿಶಾಮಕದವರು ಅವರನ್ನು ಮೂರನೇ ಕೋಣೆಯ ಎದುರಿನಿಂದ ಎತ್ತಿ ತಂದರು. ಅಂಗಳದಲ್ಲಿ ಮಲಗಿಸಿದಾಗ ಅವರ ಟೋಪಿ ತಲೆಯಲ್ಲೇ ಇತ್ತು.

ಅಂದಿನಿಂದ ಮನೆಯಲ್ಲಿ ಅಕ್ಷರಕ್ಕನ ಬಾಯಿ ಕಟ್ಟಿತು. ಗಂಡ ಬಸ್ಸಿನ ಕಂಡಕ್ಟರ್, ದಿನವಿಡೀ ನೂರಾರು ಜನರ ಜೊತೆ ಮಾತಾಡಿ ಬಂದು ಮನೆಯಲ್ಲೂ ಮಾತಾಡುವ ಮನುಷ್ಯ. ಅವಳ ಮುಖ ನೋಡಿ ಅವನೂ ಮೆತ್ತಗಾದ.

"ನಿನ್ನ ತಪ್ಪೇನಿದೆ ಹೇಳು? ನೀನು ಬರೆದುಕೊಟ್ಟಿದ್ದೆ. ಓದಬೇಕಾದೋನು ಓದಲಿಲ್ಲ."

"ಹೌದು."

"ಮತ್ತೆ?"

"ಮಾಮ ನನ್ನ ಕೇಳಿದ್ರು, 'ಏನಾದ್ರೂ ಬರೆದಿದ್ದಾನಾ' ಅಂತ. ಕಾಗದ ನನ್ನ ಕೈಯಲ್ಲೇ ಇತ್ತು. ಅದರ ಕೆಳಗೇ ನಿಂತಿದ್ವಿ. ನಾನು ಪದ ತಗೊಂಡು ಮೇಲೆ ಬಂದೆ."

ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಓದುತ್ತಿದ್ದ ಮಗಳು ಒಳಗಿನ ಕೋಣೆಯಲ್ಲಿ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು.

ವಿಚಾರಣೆ ನಡೆಯಿತು. ಹೊರಗಿನಿಂದ ಬಂದ ಅಧಿಕಾರಿ ಅವಳನ್ನು ಕೂರಿಸಿಕೊಂಡು ಮರ್ಯಾದೆಯಿಂದಲೇ ಕೇಳಿದರು. ವರದಿ ಯಾವಾಗ ಕೈಗೆ ಬಂತು, ಯಾವಾಗ ಕೊಟ್ಟಿರಿ, ಏನನ್ನಾದರೂ ಬಿಟ್ಟಿದ್ದೀರಾ. ಬೇರೊಬ್ಬ ಅನುವಾದಕರಿಂದ ಮೂಲವನ್ನು ಹೋಲಿಸಿ ನೋಡಿಸಿದರು. ಕೊನೆಗೆ ಹೇಳಿದರು, "ಒಂದು ಅಂಕಿಯೂ ತಪ್ಪಿಲ್ಲ ತಾಯಿ. ಇಂಥ ಕೆಲಸ ನೋಡಿ ಬಹಳ ದಿನ ಆಗಿತ್ತು."

ಅವಳು ಹೇಳಿದಳು, "ಮ್ಯಾನೇಜರು ನನ್ನ ಕೇಳಿದ್ದು ಇದಲ್ಲ ಸಾರ್. ಏನು ಮಾಡ್ಬೇಕು, ಏನು ಮಾಡ್ಬಾರದು ಅಂತ ಕೇಳಿದ್ರು. ಅದಕ್ಕೆ ಅರ್ಧ ಪುಟ ಸಾಕಿತ್ತು."

ಅಧಿಕಾರಿ ಪೆನ್ನು ಎತ್ತಿಕೊಂಡು, ಸ್ವಲ್ಪ ಯೋಚಿಸಿ, ಕೆಳಗಿಟ್ಟರು. "ಅದು ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ."

ಅನುವಾದದಲ್ಲಿ ಲೋಪವಿಲ್ಲ, ಮ್ಯಾನೇಜರದು ಕರ್ತವ್ಯಲೋಪ ಎಂದು ತೀರ್ಮಾನವಾಯಿತು. ಅವರ ಕೆಲಸ ಹೋಯಿತು. ಮೇಲೆ ಪೊಲೀಸು ಕೇಸು. ಇಂಜಿನಿಯರನ್ನು ನೇಮಿಸದೆ ಕೂತಿದ್ದವರ ಹೆಸರು ಎಲ್ಲೂ ಬರಲಿಲ್ಲ. ರಜೆ ಮುಗಿಸಿ ಬಂದ ಚುಟುಕಣ್ಣ 'ನಾನು ಹೇಳಿರಲಿಲ್ಲವಾ' ಎಂದು ಒಂದು ಸಲವೂ ಅನ್ನಲಿಲ್ಲ. ಟೀ ತಂದು ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು, ಅಷ್ಟೆ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಅವಳು ಮ್ಯಾನೇಜರ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದ ಹೆಂಡತಿ ಯಾರು ಎಂದು ತಿಳಿದ ಮೇಲೆ ಒಳಗೆ ಬನ್ನಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಪಕ್ಕಕ್ಕೆ ಸರಿದು ನಿಂತಳು. ಅವರು ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಮಕ್ಕಳ ಬಟ್ಟೆ ಮಡಿಸುತ್ತಿದ್ದರು. ಗಡ್ಡ ಬೆಳೆದಿತ್ತು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನಾಲ್ಕು ಪುಟ ಓದಿದ್ದೆ ಮೇಡಂ," ಎಂದರು, ಅವಳು ಕೇಳುವ ಮೊದಲೇ. "ಒಟ್ಟಾರೆ ಸ್ಥಿತಿ ತೃಪ್ತಿಕರ ಅಂತಿತ್ತು. ಅಷ್ಟರಲ್ಲಿ ಯಾರೋ ಕರೆದ್ರು. ಆಮೇಲೆ ದಿನಾ ನೋಡ್ತಿದ್ದೆ ಅದನ್ನ, ಮೇಜಿನ ಮೇಲೆ. ದಪ್ಪಗೆ ಕೂತಿರೋದು. ಇವತ್ತು ಆಗಲ್ಲ, ಭಾನುವಾರ ಕೂತು ಓದ್ತೀನಿ ಅಂತ ಅದರ ಮೇಲೆ ಇನ್ನೊಂದು ಫೈಲು ಇಡ್ತಿದ್ದೆ."

"ಒಂದೇ ಪುಟ ಕೊಟ್ಟಿದ್ರೆ ಓದ್ತಿದ್ರಾ ಸಾರ್?"

ಅವರು ಒಂದು ಪುಟ್ಟ ಅಂಗಿಯ ತೋಳನ್ನು ಒಳಗೆ ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು.

"ಓದ್ತಿದ್ದೆ ಅಂದ್ರೆ ನಿಮ್ಮ ಮೇಲೆ ಹೊರಿಸಿದ ಹಾಗಾಗುತ್ತೆ. ಓದ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬೇಡ ಬಿಡಿ."

ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದಳು. ಅಕ್ಷರಕ್ಕ ಕೈ ಮುಗಿದು ಹೊರಗೆ ಬಂದಳು. ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದಳು.

ಚಳಿ ಇಳಿಯುವ ಹೊತ್ತಿಗೆ ಕಂಪನಿ ಮತ್ತೆ ತೆರೆಯಿತು. ಹೊಸ ಪೈಪು, ಹೊಸ ಮ್ಯಾನೇಜರು. ಈಗ ಅವಳು ಯಾವ ಕಾಗದ ಬಂದರೂ ಮೊದಲು ಕೆಳಗೆ ಹೋಗಿ ಕೇಳುತ್ತಿದ್ದಳು: ಇದನ್ನು ಓದಿ ನೀವೇನು ಮಾಡಬೇಕಾಗಿದೆ, ಯಾವಾಗ, ಸಹಿ ಹಾಕುವುದಿದೆಯೇ, ಬೇರೆ ಯಾರಾದರೂ ಇದನ್ನು ಹಿಡಿದು ಕೆಲಸ ಮಾಡುವುದಿದೆಯೇ? ಹೊಸ ಮ್ಯಾನೇಜರಿಗೆ ಈ ಪ್ರಶ್ನೆಗಳು ಕಿರಿಕಿರಿ. "ನೀವು ಪೂರ್ತಿ ಮಾಡಿಕೊಡಿ ಮೇಡಂ, ನಾಳೆ ಯಾರೂ ನನ್ನ ಕೇಳಬಾರದು," ಎನ್ನುತ್ತಿದ್ದ. ಅವಳು ಪೂರ್ತಿಯನ್ನೂ ಮಾಡುತ್ತಿದ್ದಳು. ಅದರ ಮೇಲೆ ಒಂದು ಪುಟ ಬರೆದು, ಅವನ ಎದುರು ನಿಂತು, ಅದನ್ನು ಬಾಯಲ್ಲೂ ಹೇಳಿಯೇ ಬರುತ್ತಿದ್ದಳು. ಅವನು ಫೋನಿನಲ್ಲಿದ್ದರೆ ಮುಗಿಯುವವರೆಗೆ ಕಾಯುತ್ತಿದ್ದಳು. ಹೀಗೆ ಮಾಡಿದ್ದರಿಂದ ಅವಳಿಗೆ ನೆಮ್ಮದಿಯೇನೂ ಬರಲಿಲ್ಲ.

ಅಂಥದೊಂದು ದಿನ ಮಾಮನ ಹೆಂಡತಿ ಬಂದಳು. ಎಲ್ಲರೂ ಅತ್ತೆ ಎನ್ನುತ್ತಿದ್ದ ಆ ಹೆಂಗಸು ಪರಿಹಾರದ ಕೆಲಸಕ್ಕೆಂದು ಆಫೀಸಿಗೆ ಬಂದವಳು, ಮಂಡಿ ನೋವಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಬಂದಿದ್ದಳು. ಚುಟುಕಣ್ಣ ಎದ್ದು ತಮ್ಮ ಕುರ್ಚಿ ಕೊಟ್ಟು, ಹೊರಗೆ ನಡೆದರು.

"ನೀನೇ ಅಲ್ವೇನವ್ವ ಆ ಕಾಗದ ಬರೆದೋಳು?"

"ಬರೆದದ್ದು ಹೊರದೇಶದವನು ಅತ್ತೆ. ನಾನು ನಮ್ಮ ಭಾಷೆಗೆ ತಂದೆ."

"ಅದೇ. ಎಲ್ಲರೂ ಅಂತಾರೆ, ಅದ್ರಲ್ಲಿ ಇತ್ತು, ಅದ್ರಲ್ಲಿ ಇತ್ತು ಅಂತ. ಏನಿತ್ತು ಅಂತ ಒಬ್ಬರೂ ಹೇಳಲಿಲ್ಲ. ನನಗೆ ಒಂದೇ ಮಾತಲ್ಲಿ ಹೇಳು."

ಅಕ್ಷರಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಆ ಪೈಪು ಸವೆದಿದೆ, ಬದಲಿಸೋವರೆಗೆ ಅದರ ಕೆಳಗೆ ಯಾರೂ ನಿಲ್ಲಬಾರದು ಅಂತ ಇತ್ತು."

ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರುತ್ತದೆ ಎಂಬಂತೆ.

"ಅಷ್ಟೇನಾ?"

"ಅಷ್ಟೇ ಅತ್ತೆ."

"ಇಷ್ಟನ್ನ ಹೇಳೋಕೆ ಆಗಲಿಲ್ವಾ ನಿಮಗೆಲ್ಲಾ?"

ಅಕ್ಷರಕ್ಕ ತಲೆ ತಗ್ಗಿಸಿದಳು. ಆಗಲಿಲ್ಲ ಎಂದಳೋ, ತುಟಿ ಮಾತ್ರ ಅಲುಗಿತೋ. ಕೆಳಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಬೈಯುತ್ತಾಳೆ, ಶಾಪ ಹಾಕುತ್ತಾಳೆ, ಹಾಕಲಿ ಎಂದು ಅಕ್ಷರಕ್ಕ ಕಾದಳು.

"ಈಗ ಪೂರ್ತಿ ಓದು," ಎಂದಳು ಅತ್ತೆ.

"ಪೂರ್ತಿ ಬಹಳ ಉದ್ದ ಇದೆ ಅತ್ತೆ. ಯಂತ್ರದ ವಿಷಯ. ನಿಮಗೆ..."

"ಓದು. ಮನೆಗೆ ಹೋಗಿ ನಾನು ಮಾಡೋದೇನಿದೆ? ಅವರು ಇಪ್ಪತ್ತು ವರ್ಷ ಇಲ್ಲಿ ದುಡಿದ್ರು. ಒಳಗೆ ಹೇಗಿತ್ತು ಅಂತ ಒಂದಿನ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅಕ್ಷರಕ್ಕ ಬೀರುವಿನಿಂದ ತನ್ನ ಪ್ರತಿಯನ್ನು ತೆಗೆದಳು. ಹೀಗೆ ಓದಲು ಯಾರ ಅಪ್ಪಣೆ ಬೇಕೆಂದು ಯೋಚಿಸಲಿಲ್ಲ. ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡು ಮೊದಲ ಪುಟದಿಂದ ಓದತೊಡಗಿದಳು. ಯಂತ್ರ ತಯಾರಾದ ವರ್ಷ. ತೂಕ. ಎಣ್ಣೆಯ ಬಣ್ಣ. ನೀರಿನ ಗೋಪುರದ ಪಾಚಿ. ಅತ್ತೆಗೆ ಅದರಲ್ಲಿ ಏನೂ ಅರ್ಥವಾದಂತೆ ಕಾಣಲಿಲ್ಲ. ಆದರೂ ಪ್ರತಿ ಪುಟ ಮಗುಚಿದಾಗ "ಹೂಂ" ಎನ್ನುತ್ತಿದ್ದಳು. ಒಂದನೇ ಕೋಣೆ ಬಂದಾಗ, "ಅಲ್ಲೇನು ಇಡ್ತಾರೆ?" ಎಂದಳು.

"ಹಣ್ಣು."

"ಬಹಳ ಚಳಿನಾ?"

"ಅಲ್ಲಿ ಅಷ್ಟಿಲ್ಲ. ಮುಂದಿನ ಕೋಣೇಲಿ ಜಾಸ್ತಿ."

"ಹೂಂ."

ಚುಟುಕಣ್ಣ ಒಮ್ಮೆ ಬಾಗಿಲವರೆಗೆ ಬಂದು, ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಹಿಂದಿರುಗಿದರು. ಕಿಟಕಿಯ ಬಿಸಿಲು ಗೋಡೆಗೆ ಏರಿತ್ತು. ಓದಿ ಓದಿ ಅಕ್ಷರಕ್ಕನ ದನಿ ಒಡೆಯುತ್ತಿತ್ತು. ಒಮ್ಮೆ ನಿಲ್ಲಿಸಿ ನೀರು ಕುಡಿದಳು. ಅತ್ತೆಗೂ ಕೊಟ್ಟಳು. ಮತ್ತೆ ಕಾಗದ ಎತ್ತಿಕೊಂಡು, ಬೆರಳಿಟ್ಟಿದ್ದ ಸಾಲಿನಿಂದ ಶುರು ಮಾಡಿದಳು. ಎರಡನೇ ಕೋಣೆಯ ಗೋಡೆ, ಎರಡನೇ ಕೋಣೆಯ ನೆಲ. ಕಾರಿಡಾರು ಇನ್ನೂ ಬಂದಿರಲಿಲ್ಲ.